ಬಾಕಿ ಕೇಳುವ ಮೂರು ಪತ್ರ

ಪೀಣ್ಯದ ಒಂದು ಸಣ್ಣ ಲೇತ್ ಶಾಪ್ ಎಂದುಕೊಳ್ಳಿ. ಎರಡು ಸಿಎನ್‌ಸಿ ಮೆಷಿನ್, ಐದಾರು ಜನ ಕೆಲಸಗಾರರು. ಒಂದು ಪಂಪ್ ಕಂಪನಿಗೆ 1,000 ಸ್ಟೀಲ್ ಬುಶ್ ಮಾಡಿ, ಜೂನ್ 3ರಂದು ಮಾಲನ್ನೂ ಬಿಲ್ಲನ್ನೂ ಒಟ್ಟಿಗೆ ಕಳಿಸಿದ್ದಾರೆ. ತಲಾ 200 ರೂಪಾಯಿಯಂತೆ ಎರಡು ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಒಟ್ಟು 2,36,000. ಪರ್ಚೇಸ್ ಆರ್ಡರ್‌ನಲ್ಲಿ ಮೂವತ್ತು ದಿನದ ಗಡುವು ಇತ್ತು, ಅಂದರೆ ಜುಲೈ 3. ಆ ದಿನ ದುಡ್ಡು ಬರಲಿಲ್ಲ.

ದುಡ್ಡು ಬರಲಿ ಬಿಡಲಿ, ಆ ಬಿಲ್ಲಿನ ತೆರಿಗೆ ಮಾತ್ರ ಕಾಯುವುದಿಲ್ಲ. ಜೂನ್ ತಿಂಗಳ ಬಿಲ್ಲು ರಿಟರ್ನ್‌ನಲ್ಲಿ ಹೋಗಿಬಿಡುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಆ 36,000ದ ಲೆಕ್ಕವನ್ನು ಜುಲೈ 20ರೊಳಗೆ ಚುಕ್ತಾ ಮಾಡಬೇಕು. ಕಚ್ಚಾ ಮಾಲಿಗೆ ಕಟ್ಟಿದ ತೆರಿಗೆ ಅದರಲ್ಲಿ ಕಳೆದುಹೋಗುತ್ತದೆ ನಿಜ, ಉಳಿದದ್ದು ಮಾಲೀಕರ ಕೈಯಿಂದಲೇ ಹೋಗಬೇಕು. ಬಿಲ್ಲಿಗೆ ಇನ್ನೂ ದುಡ್ಡು ಕೊಡದ ಪಂಪ್ ಕಂಪನಿ ಅಷ್ಟರಲ್ಲಿ ಅದೇ 36,000ವನ್ನು ಇನ್‌ಪುಟ್ ಕ್ರೆಡಿಟ್ ಎಂದು ತನ್ನ ಲೆಕ್ಕಕ್ಕೆ ತೆಗೆದುಕೊಂಡಿರಲೂಬಹುದು. ಆದ್ದರಿಂದ ಬಾಕಿ ಕೇಳಲು ಸಂಕೋಚ ಪಡಬೇಕಾದವರು ಲೇತ್ ಶಾಪಿನವರಲ್ಲ. ಆದರೂ ನಮ್ಮಲ್ಲಿ ಹೆಚ್ಚಿನವರು ಮೊದಲ ಒಂದು ತಿಂಗಳು ಕೇಳುವುದೇ ಇಲ್ಲ, ಎರಡನೇ ತಿಂಗಳು ಒಮ್ಮೆಲೇ ರೇಗಿಬಿಡುತ್ತಾರೆ. ಎರಡರಿಂದಲೂ ದುಡ್ಡು ಬರುವುದಿಲ್ಲ.

ಮೊದಲ ಪತ್ರದ ಕೆಲಸ ದುಡ್ಡು ಕೇಳುವುದಕ್ಕಿಂತ ಹೆಚ್ಚಾಗಿ ಬಿಲ್ಲು ಎಲ್ಲಿ ನಿಂತಿದೆ ಎಂದು ತಿಳಿಯುವುದು. ಕಂಪನಿಯೊಳಗೆ ಬಿಲ್ಲು ಮೂರು ಮೇಜು ದಾಟಬೇಕು. ಸ್ಟೋರ್ಸ್‌ನವರು ಮಾಲು ಎಣಿಸಿ ಜಿಆರ್‌ಎನ್ ಹಾಕಬೇಕು, ಪರ್ಚೇಸ್‌ನವರು ಒಪ್ಪಿಗೆ ಕೊಡಬೇಕು, ಅಕೌಂಟ್ಸ್‌ನವರು ಪೇಮೆಂಟ್ ಪಟ್ಟಿಗೆ ಸೇರಿಸಬೇಕು. ಬಿಲ್ಲಿನ ಮೇಲೆ ಪಿಒ ನಂಬರ್ ಇಲ್ಲದಿದ್ದರೆ, ಅಥವಾ ಡೆಲಿವರಿ ಚಲನ್‌ನ ಸಂಖ್ಯೆಗೂ ಜಿಆರ್‌ಎನ್ ಸಂಖ್ಯೆಗೂ ತಾಳೆಯಾಗದಿದ್ದರೆ, ಅದು ನಡುವೆ ಯಾವುದೋ ಮೇಜಿನಲ್ಲಿ ಕೂತುಬಿಡುತ್ತದೆ. ಅದನ್ನು ಯಾರೂ ಫೋನ್ ಮಾಡಿ ತಿಳಿಸುವುದಿಲ್ಲ. ಗಡುವು ದಾಟಿದ ಎರಡು ಮೂರು ದಿನಕ್ಕೆ ಬರೆಯುವ ಮೊದಲ ಪತ್ರ ಹೀಗಿದ್ದರೆ ಸಾಕು:

“ನಮಸ್ಕಾರ ಸರ್, ನಿಮ್ಮ ಪಿಒ 117ಕ್ಕೆ ಜೂನ್ 3ರಂದು 1,000 ಬುಶ್ ಕಳಿಸಿದ್ದೆವು. ನಮ್ಮ ಬಿಲ್ ನಂ. 42, ಮೊತ್ತ 2,36,000 ರೂ., ಜುಲೈ 3ಕ್ಕೆ ಪಾವತಿಯಾಗಬೇಕಿತ್ತು. ಬಿಲ್ಲು ಅಕೌಂಟ್ಸ್‌ಗೆ ತಲುಪಿದೆಯೇ, ನಮ್ಮಿಂದ ಬೇರೆ ಯಾವುದಾದರೂ ಕಾಗದ ಬೇಕೇ ಎಂದು ದಯವಿಟ್ಟು ತಿಳಿಸಿ. ಬಿಲ್ಲು ಮತ್ತು ಸಹಿಯಾದ ಚಲನ್ ಪ್ರತಿ ಇದರೊಂದಿಗಿದೆ.”

ಇದರಲ್ಲಿ ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ’ ಎಂಬ ಮಾತಿಲ್ಲ ಎಂಬುದನ್ನು ಗಮನಿಸಿ. ಹಾಗೆ ಬರೆದರೆ ಈ ಬಿಲ್ಲು ತಡವಾದರೂ ನಡೆಯುತ್ತದೆ ಎಂದು ನಾವೇ ಹೇಳಿದಂತೆ. ನಮ್ಮ ಕಷ್ಟಸುಖವೂ ಇಲ್ಲ. ಮೆಷಿನ್ ಸಾಲದ ಇಎಂಐ, ಮಗಳ ಕಾಲೇಜು ಫೀಸು ಎಲ್ಲವೂ ನಿಜವಿರಬಹುದು, ಆದರೆ ಕರುಣೆಯಿಂದ ಬಿಲ್ ಪಾಸಾಗುವುದಿಲ್ಲ. ಚಲನ್ ಪ್ರತಿಯನ್ನು ಲಗತ್ತಿಸುವುದಕ್ಕೂ ಕಾರಣವಿದೆ. ‘ಬಿಲ್ಲೇ ಬಂದಿಲ್ಲ ಸಾರ್’ ಎಂಬ ಉತ್ತರಕ್ಕೆ ಅಲ್ಲಿಗೆ ದಾರಿ ಮುಚ್ಚುತ್ತದೆ. ನಮ್ಮ ಲೇತ್ ಶಾಪಿನ ಕಥೆಯಲ್ಲಿ ಉತ್ತರ ಮಾರನೆಯ ದಿನವೇ ಬಂತು ಎನ್ನೋಣ: ಬಿಲ್ಲಿನ ಮೇಲೆ ಪಿಒ ನಂಬರ್ ಬರೆದಿರಲಿಲ್ಲ, ಹಾಗಾಗಿ ಪಾಸಾಗಿಲ್ಲ. ತಪ್ಪು ಸರಿಮಾಡಿ ಕಳಿಸಿದ್ದಾಯಿತು. ಅರ್ಧಕ್ಕರ್ಧ ಬಾಕಿಗಳು ಇಲ್ಲಿಗೇ ಬಗೆಹರಿಯುತ್ತವೆ ಎಂಬುದು ನನ್ನ ಅಂದಾಜು.

ಬಗೆಹರಿಯದಿದ್ದರೆ ಎರಡು ವಾರ ಬಿಟ್ಟು ಎರಡನೆಯದು. ಅಷ್ಟರಲ್ಲಿ ಫೋನ್ ಮಾಡಿದಾಗ ಸಿಗುವ ಉತ್ತರ ಬಹುಪಾಲು ಇದೇ: “ನಮ್ಮ ಪಾರ್ಟಿಯಿಂದಲೇ ಇನ್ನೂ ಬಂದಿಲ್ಲ ಸಾರ್, ಬಂದ ತಕ್ಷಣ ಹಾಕಿಬಿಡ್ತೀವಿ.” ಇದು ಸುಳ್ಳೇ ಇರಬೇಕಿಲ್ಲ. ಆದರೆ ಅವರ ಗಿರಾಕಿ ಕೊಟ್ಟಾಗ ನಮಗೆ ಕೊಡುತ್ತೇವೆ ಎಂದು ಪಿಒನಲ್ಲಿ ಬರೆದಿರಲಿಲ್ಲ. ಆದ್ದರಿಂದ ಎರಡನೇ ಪತ್ರದಲ್ಲಿ ಕೇಳುವುದು ಒಂದೇ, ತಾರೀಖು. “ಈ ವಾರ”, “ಆದಷ್ಟು ಬೇಗ” ಇವು ತಾರೀಖುಗಳಲ್ಲ.

“ಜುಲೈ 6ರ ಪತ್ರದ ನಂತರ ಪಿಒ ನಂಬರ್ ಸೇರಿಸಿ ಬಿಲ್ಲು ಮತ್ತೆ ಕಳಿಸಿದ್ದೇವೆ. ಅದು ಪಾಸಾಗಿದೆ ಎಂದು ನಿಮ್ಮ ಅಕೌಂಟ್ಸ್ ವಿಭಾಗ ತಿಳಿಸಿದೆ. 2,36,000 ರೂ. ಇವತ್ತಿಗೆ 17 ದಿನ ತಡವಾಗಿದೆ. ಯಾವ ತಾರೀಖಿಗೆ ಜಮಾ ಮಾಡುತ್ತೀರಿ ಎಂದು ಜುಲೈ 24ರೊಳಗೆ ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ.”

ಬರಹದಲ್ಲಿ ಬರುವ ಈ ಉತ್ತರಕ್ಕೆ ಬೆಲೆಯಿದೆ. ಮಾರಿದ ಮಾಲಿನ ದುಡ್ಡಿಗೆ ದಾವೆ ಹೂಡಲು ಸಾಮಾನ್ಯವಾಗಿ ಇರುವ ಕಾಲಮಿತಿ ಮೂರು ವರ್ಷ. ಆ ಅವಧಿ ಮುಗಿಯುವ ಮೊದಲು ಸಾಲಗಾರ ‘ಇಷ್ಟು ಬಾಕಿ ಇದೆ’ ಎಂದು ಸಹಿಯೊಂದಿಗೆ ಒಪ್ಪಿಕೊಂಡರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಸಬಹುದು. ಫೋನಿನಲ್ಲಿ ಸಿಕ್ಕ ಭರವಸೆಗೆ ಈ ಶಕ್ತಿಯಿಲ್ಲ. ಫೋನ್ ಮಾಡಬೇಡಿ ಎಂದಲ್ಲ. ಮಾಡಿ, ಆಮೇಲೆ ‘ಈಗ ಮಾತಾಡಿದಂತೆ ಜುಲೈ 30ಕ್ಕೆ ಪೂರ್ತಿ ಮೊತ್ತ ಹಾಕುವುದಾಗಿ ಹೇಳಿದ್ದೀರಿ’ ಎಂದು ಒಂದು ಸಾಲು ಇಮೇಲ್‌ನಲ್ಲಿ ಹಾಕಿ, ಖಚಿತಪಡಿಸಲು ಕೇಳಿ. ಪತ್ರ ಯಾರಿಗೆ ಹೋಗಬೇಕು ಎಂಬುದೂ ಇಲ್ಲಿ ಬದಲಾಗುತ್ತದೆ. ಮೊದಲನೆಯದು ಪರ್ಚೇಸ್‌ನವರಿಗೆ, ಎರಡನೆಯದು ಅವರೊಂದಿಗೆ ಅಕೌಂಟ್ಸ್ ಮುಖ್ಯಸ್ಥರಿಗೂ.

ತಾರೀಖು ಕೊಟ್ಟು ಅದೂ ತಪ್ಪಿತು, ಆಗಸ್ಟ್ ಕಳೆಯಿತು. ಇನ್ನು ಮೂರನೆಯ ಪತ್ರ. ದನಿ ಗಟ್ಟಿಯಾಗಬೇಕಾದದ್ದು ಇಲ್ಲೇ, ಮತ್ತು ಹೆಚ್ಚಿನವರು ಎಡವುವುದೂ ಇಲ್ಲೇ. ‘ನಿಮ್ಮ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ’, ‘ಮಾರ್ಕೆಟ್‌ನಲ್ಲಿ ನಿಮ್ಮ ಮಾನ ಹರಾಜು ಹಾಕುತ್ತೇವೆ’ ಎಂದು ಬರೆದವರ ಪತ್ರ ಮುಂದೊಮ್ಮೆ ಅವರ ವಿರುದ್ಧವೇ ಸಾಕ್ಷಿಯಾಗುತ್ತದೆ. ಬಿಲ್ಲಿನ ಬಾಕಿ ಸಾಮಾನ್ಯವಾಗಿ ಸಿವಿಲ್ ವಿಷಯ, ಠಾಣೆಯಲ್ಲಿ ಅದಕ್ಕೆ ಪರಿಹಾರವಿಲ್ಲ. ಗಟ್ಟಿತನ ಬರಬೇಕಾದದ್ದು ಬೈಗುಳದಿಂದಲ್ಲ, ಕಾನೂನು ಕೊಟ್ಟಿರುವ ಹಕ್ಕಿನಿಂದ. ಸಣ್ಣ ಉತ್ಪಾದಕರಿಗೆ ಅಂಥ ಹಕ್ಕು ಸಾಕಷ್ಟಿದೆ.

2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುವುದಿಷ್ಟು: ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಮಾಲು ಅಥವಾ ಸೇವೆ ಪಡೆದವರು ಒಪ್ಪಿಕೊಂಡ ಗಡುವಿನೊಳಗೆ ದುಡ್ಡು ಕೊಡಬೇಕು, ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಪಿಒನಲ್ಲಿ 90 ದಿನ ಎಂದು ಅಚ್ಚು ಹಾಕಿಸಿದ್ದರೂ 45ಕ್ಕೇ ನಿಲ್ಲುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಕಾಲಕಾಲಕ್ಕೆ ಬದಲಾಗುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಶೇ. 6 ಎಂದಿಟ್ಟುಕೊಂಡರೆ ಬಡ್ಡಿ ವರ್ಷಕ್ಕೆ ಶೇ. 18, ತಿಂಗಳಿಗೆ ಒಂದೂವರೆ. ನಮ್ಮ 2,36,000ಕ್ಕೆ ಮೊದಲ ತಿಂಗಳ ಬಡ್ಡಿ 3,540. ಎರಡು ತಿಂಗಳಿಗೆ 7,133. ಮೂರು ತಿಂಗಳಾದರೆ 10,780.

ಕೊಳ್ಳುವವರು ಸಾಮಾನ್ಯವಾಗಿ ಈ ಹಂತದಲ್ಲಿ ಇನ್ನೊಂದು ರಾಗ ತೆಗೆಯುತ್ತಾರೆ: ಮಾಲಿನಲ್ಲಿ ಐಬಿತ್ತು, ಅಳತೆ ಸರಿಯಿರಲಿಲ್ಲ. ಅದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಾರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ ಎಂದು ಲೆಕ್ಕ. ಜೂನ್ 18ರೊಳಗೆ ಬಾರದ ಆಕ್ಷೇಪ ಸೆಪ್ಟೆಂಬರ್‌ನಲ್ಲಿ ಬಂದರೆ ಗಡುವನ್ನು ಹಿಂದಕ್ಕೆ ತಳ್ಳಲಾರದು. ನಿಜಕ್ಕೂ ಐಬಿದ್ದರೆ ಮಾತು ಬೇರೆ. ಅಷ್ಟು ಬುಶ್‌ಗಳಿಗೆ ಕ್ರೆಡಿಟ್ ನೋಟ್ ಕೊಟ್ಟು, ಉಳಿದ ಮೊತ್ತ ತಕ್ಷಣ ಕೇಳುವುದೇ ಜಾಣತನ. ಇಪ್ಪತ್ತು ಬುಶ್‌ನ ಜಗಳಕ್ಕೆ ಸಾವಿರ ಬುಶ್‌ನ ದುಡ್ಡು ನಿಲ್ಲಬಾರದು.

ಮೂರನೇ ಪತ್ರ ಕಂಪನಿಯ ಮಾಲೀಕರಿಗೆ ಅಥವಾ ಡೈರೆಕ್ಟರ್‌ಗೆ, ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಹೋಗಬೇಕು.

“ಸೆಪ್ಟೆಂಬರ್ 4. ಮಾನ್ಯರೇ, ಬಿಲ್ ನಂ. 42ರ 2,36,000 ರೂ. ಜುಲೈ 3ರಿಂದ ಬಾಕಿ ಇದೆ. ಜುಲೈ 30ಕ್ಕೆ ಪಾವತಿಸುವುದಾಗಿ ನೀವು ಇಮೇಲ್‌ನಲ್ಲಿ ತಿಳಿಸಿದ್ದಿರಿ, ಆಗಲಿಲ್ಲ. ನಮ್ಮದು ಉದ್ಯಮ್ ನೋಂದಾಯಿತ ಸೂಕ್ಷ್ಮ ಘಟಕ, ಪ್ರಮಾಣಪತ್ರ ಲಗತ್ತಿಸಿದೆ. ಎಂಎಸ್‌ಎಂಇಡಿ ಕಾಯ್ದೆಯ 16ನೇ ಕಲಮಿನಂತೆ ಇಂದಿಗೆ ಬಡ್ಡಿ 7,133 ರೂ. ಆಗಿದೆ, ಲೆಕ್ಕದ ಹಾಳೆ ಜೊತೆಗಿದೆ. ಅಸಲು ಸೆಪ್ಟೆಂಬರ್ 14ರೊಳಗೆ ಜಮಾ ಆದರೆ ಬಡ್ಡಿಯನ್ನು ಬಿಡಲು ಸಿದ್ಧ. ಆಗದಿದ್ದರೆ ಅಸಲು ಮತ್ತು ಬಡ್ಡಿ ಎರಡಕ್ಕೂ ಸೌಲಭ್ಯ ಮಂಡಳಿಗೆ ಅರ್ಜಿ ಹಾಕುತ್ತೇವೆ. ಅಲ್ಲಿಯವರೆಗೆ ಹೊಸ ಆರ್ಡರ್ ಪೂರೈಸಲಾಗುವುದಿಲ್ಲ.”

ಹದಿನಾಲ್ಕರೊಳಗೆ ಬಾರದಿದ್ದರೆ ಹದಿನೈದಕ್ಕೆ ಅರ್ಜಿ ಹಾಕಲೇಬೇಕು. ಹಾಕದಿದ್ದರೆ ನಾಲ್ಕನೇ ಪತ್ರವನ್ನು ಯಾರೂ ಓದುವುದಿಲ್ಲ. ಅರ್ಜಿಗೆ ವಕೀಲರೇ ಬೇಕೆಂದಿಲ್ಲ. ಸರ್ಕಾರದ ಪೋರ್ಟಲ್‌ನಲ್ಲಿ ಉದ್ಯಮ್ ನಂಬರ್, ಪಿಒ, ಬಿಲ್ಲು ಹಾಕಿ ಸಲ್ಲಿಸಿದರೆ ಅದು ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮಂಡಳಿ ಮೊದಲು ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ಪಂಚಾಯ್ತಿ ತೀರ್ಪು. ಕಾಯ್ದೆಯಲ್ಲಿ 90 ದಿನ ಎಂದಿದ್ದರೂ ಅಷ್ಟರಲ್ಲಿ ಮುಗಿಯುತ್ತದೆಂದು ನಂಬಿ ಕೂರಬೇಡಿ. ಆದರೂ ದೊಡ್ಡ ಕಂಪನಿಗಳು ಇದಕ್ಕೆ ಅಂಜುವುದಕ್ಕೆ ಕಾರಣವಿದೆ. ಮಂಡಳಿಯ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಅವರು ಮೊತ್ತದ ಶೇ. 75 ಠೇವಣಿ ಇಡಬೇಕು.

ಕೆಲವು ಮಿತಿಗಳನ್ನೂ ಹೇಳಬೇಕು. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಗುತ್ತದಾದರೂ ಅದು ಬ್ಯಾಂಕ್ ಸಾಲದ ಅನುಕೂಲಕ್ಕಷ್ಟೇ, ಈ ಬಡ್ಡಿ ಹಕ್ಕು ಅವರಿಗಿಲ್ಲ. ಮಧ್ಯಮ ಗಾತ್ರದ ಘಟಕಗಳಿಗೂ ಇಲ್ಲ. ನೋಂದಣಿ ಆರ್ಡರ್ ತೆಗೆದುಕೊಳ್ಳುವ ಮೊದಲೇ ಆಗಿದ್ದರೆ ಒಳ್ಳೆಯದು. ಜಗಳ ಶುರುವಾದ ಮೇಲೆ ಮಾಡಿಸಿದರೆ ತಕರಾರು ಏಳುತ್ತದೆ.

ಮಂಡಳಿಗೆ ಹೋಗುವ ಮನಸ್ಸಿಲ್ಲದವರಿಗೆ ಎರಡು ತಾರೀಖುಗಳು ನೆರವಿಗೆ ಬರುತ್ತವೆ. ಒಂದು, ಬಿಲ್ಲಿನ ದಿನದಿಂದ 180ನೇ ದಿನ, ನಮ್ಮ ಲೆಕ್ಕದಲ್ಲಿ ನವೆಂಬರ್ 30. ಅಷ್ಟರೊಳಗೆ ದುಡ್ಡು ಕೊಡದಿದ್ದರೆ ಕಂಪನಿ ತಾನು ತೆಗೆದುಕೊಂಡ 36,000ದ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಇನ್ನೊಂದು ಮಾರ್ಚ್ 31. 2023ರ ಹಣಕಾಸು ಕಾಯ್ದೆ ತಂದ ನಿಯಮದಂತೆ, ಗಡುವು ಮೀರಿದ ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಬಾಕಿಯನ್ನು ವರ್ಷಾಂತ್ಯದೊಳಗೆ ತೀರಿಸದಿದ್ದರೆ ಕೊಳ್ಳುವವರು ಆ ವರ್ಷ ಅದನ್ನು ಖರ್ಚೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಎರಡು ಲಕ್ಷದ ಖರ್ಚು ಲೆಕ್ಕಕ್ಕೆ ಸಿಗದೆ ಹೋದರೆ, ಶೇ. 25ರ ದರದಲ್ಲಿ ತೆರಿಗೆ ಕಟ್ಟುವ ಕಂಪನಿ ಆ ವರ್ಷ 50,000 ಹೆಚ್ಚು ಕಟ್ಟಬೇಕು. ಫೆಬ್ರವರಿಯಲ್ಲಿ ಅವರ ಅಕೌಂಟ್ಸ್ ಮೇಡಂಗೆ ‘ನಮ್ಮ ಬಾಕಿ ಮಾರ್ಚ್ 31ಕ್ಕೆ ನಿಮ್ಮ ಪುಸ್ತಕದಲ್ಲಿ ಉಳಿಯದಂತೆ ನೋಡಿಕೊಳ್ಳಿ ಮೇಡಂ’ ಎಂದು ಒಂದು ಸಾಲು ಬರೆದರೆ, ಹಿಂದಿನ ಮೂರು ಪತ್ರ ಮಾಡದ ಕೆಲಸ ಅದು ಮಾಡಬಹುದು. ಈ ನಿಯಮಕ್ಕೆ ಹೆದರಿ ಉದ್ಯಮ್ ನೋಂದಣಿ ಇದ್ದವರಿಂದ ಖರೀದಿಯೇ ಬೇಡ ಎನ್ನುವ ಕಂಪನಿಗಳೂ ಇವೆ. ಅಂಥವರು ಮೊದಲಿನಿಂದಲೂ ಸಮಯಕ್ಕೆ ಕೊಡುವ ಉದ್ದೇಶದವರಲ್ಲ ಎಂಬುದು ನನ್ನ ಗುಮಾನಿ.

ಮಧ್ಯದಲ್ಲೆಲ್ಲೋ ಒಂದು ಲಕ್ಷ ಜಮಾ ಆಗಿ ಫೋನ್ ಬರಬಹುದು: “ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್.” ಬೇಡ ಎನ್ನಬೇಕಿಲ್ಲ. ಅದೇ ದಿನ, ಬಿಲ್ ನಂ. 42ರ ಬಾಬ್ತು ಒಂದು ಲಕ್ಷ ಬಂದಿದೆ, ಉಳಿದ 1,36,000 ರೂ. ಯಾವ ತಾರೀಖಿಗೆ ಎಂದು ಬರೆದು ಕಳಿಸಿ. ಪೂರ್ತಿ ಬಂದ ಮೇಲೆ ಎರಡು ಸಾಲಿನ ರಸೀದಿ ಕೊಟ್ಟು, ಬಡ್ಡಿ ಬಿಟ್ಟಿದ್ದರೆ ಅದನ್ನೂ ನಮೂದಿಸಿ. ಅದೇ ಕಂಪನಿಯ ಮುಂದಿನ ಪಿಒ ಬಂದಾಗ ಅರ್ಧ ಮುಂಗಡ ಕೇಳಿ, ಬಿಲ್ಲಿನ ತಲೆಯಲ್ಲೇ ಪಿಒ ನಂಬರ್ ಮತ್ತು ಉದ್ಯಮ್ ನಂಬರ್ ಎರಡನ್ನೂ ಅಚ್ಚು ಮಾಡಿಸಿ.