ಸಕ್ಕರೆ ಬಳಸದ ಪೇಡಾ: ಸಿಹಿಕಾರಕದ ಪ್ರಮಾಣ ಮತ್ತು ಸೇವನೆಯ ಮಿತಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಪೇಡಾವನ್ನು ಖೋವಾ ಹಾಗೂ ಸಕ್ಕರೆಯನ್ನು ಹುರಿದು ತಯಾರಿಸಲಾಗುತ್ತದೆ. ಮಧುಮೇಹವುಳ್ಳ ಗ್ರಾಹಕರಿಗಾಗಿ ಸಕ್ಕರೆಯ ಬದಲು ಸಿಹಿಕಾರಕ ಬಳಸಿ ಪೇಡಾ ತಯಾರಿಸಲು ಇಚ್ಛಿಸುವವರು, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿಗೆ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ತಿಳಿದಿರುವುದು ಅವಶ್ಯಕ.

ಸಿಹಿಯ ಹೋಲಿಕೆ

ಸಿಹಿಕಾರಕದ ಸಿಹಿಯನ್ನು ಸಕ್ಕರೆಗೆ ಹೋಲಿಸಿ ಅಳೆಯಲಾಗುತ್ತದೆ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸ್ಯಾಕರಿನ್ ಸುಮಾರು 400 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿಯಾಗಿರುತ್ತವೆ. ಉದಾಹರಣೆಗೆ, ಒಂದು ಕಿಲೋ ಪೇಡಾದಲ್ಲಿ 300 ಗ್ರಾಂ ಸಕ್ಕರೆ ಇದೆಯೆಂದು ಭಾವಿಸಿದರೆ, ಅಷ್ಟೇ ಸಿಹಿಗೆ ಶುದ್ಧ ಸುಕ್ರಲೋಸ್ ಅರ್ಧ ಗ್ರಾಂ, ಅಂದರೆ 500 ಮಿಲಿಗ್ರಾಂ ಸಾಕು. ಸ್ಯಾಕರಿನ್ 750 ಮಿಲಿಗ್ರಾಂ, ಆಸ್ಪರ್ಟೇಮ್ 1,500 ಮಿಲಿಗ್ರಾಂ ಬೇಕಾಗುತ್ತದೆ.

2011ರಲ್ಲಿ ಜಾರಿಗೆ ಬಂದ ನಿಯಮಾವಳಿಯು ಪೇಡಾ ಮೊದಲಾದ ಹಾಲಿನ ಸಿಹಿತಿಂಡಿಗಳಿಗೆ ಕಿಲೋ ಒಂದಕ್ಕೆ ಸುಕ್ರಲೋಸ್ 750, ಸ್ಯಾಕರಿನ್ 500 ಹಾಗೂ ಆಸ್ಪರ್ಟೇಮ್ 200 ಮಿಲಿಗ್ರಾಂ ಮಿತಿಯನ್ನು ನಿಗದಿಪಡಿಸಿತ್ತು. ಆ ಮಿತಿಯೊಳಗೆ ಪೂರ್ಣ ಸಿಹಿ ಕೊಡಬಲ್ಲದ್ದು ಈ ಮೂರರಲ್ಲಿ ಸುಕ್ರಲೋಸ್ ಮಾತ್ರ. ಆಸ್ಪರ್ಟೇಮ್ ಬಿಸಿಗೆ ವಿಘಟನೆಗೊಂಡು ಸಿಹಿಯನ್ನು ಕಳೆದುಕೊಳ್ಳುವುದರಿಂದ ಹುರಿಯುವ ತಿನಿಸಿಗೆ ಹೊಂದುವುದಿಲ್ಲ. ಅರ್ಜಿದಾರರು ತಯಾರಿಕೆಯ ಸಮಯದಲ್ಲಿ ಜಾರಿಯಲ್ಲಿರುವ ಕೋಷ್ಟಕವನ್ನೇ ಅನುಸರಿಸತಕ್ಕದ್ದು.

ದಿನನಿತ್ಯದ ಸ್ವೀಕಾರಾರ್ಹ ಸೇವನೆ

ಒಬ್ಬ ವ್ಯಕ್ತಿ ಜೀವನಪರ್ಯಂತ ಪ್ರತಿದಿನ ಸೇವಿಸಿದರೂ ಹಾನಿಯಾಗದೆಂದು ಅಂದಾಜಿಸಲಾದ ಪ್ರಮಾಣಕ್ಕೆ ಈ ಹೆಸರಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ದುಷ್ಪರಿಣಾಮ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ ಇದನ್ನು ನಿರ್ಧರಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿಯು ದೇಹತೂಕದ ಪ್ರತಿ ಕಿಲೋಗೆ ಸುಕ್ರಲೋಸ್ 15 ಮಿಲಿಗ್ರಾಂ, ಸ್ಯಾಕರಿನ್ 5 ಮಿಲಿಗ್ರಾಂ ಮತ್ತು ಆಸ್ಪರ್ಟೇಮ್ 40 ಮಿಲಿಗ್ರಾಂ ಎಂದು ಗೊತ್ತುಪಡಿಸಿದೆ.

ಮಿತಿಯು ದೇಹತೂಕವನ್ನು ಅವಲಂಬಿಸಿರುವುದರಿಂದ ಮಕ್ಕಳಿಗೆ ಅದು ಬೇಗ ಮುಟ್ಟುತ್ತದೆ. 15 ಕಿಲೋ ತೂಕದ ಮಗುವಿಗೆ ಸುಕ್ರಲೋಸ್ ಮಿತಿ ದಿನಕ್ಕೆ 225 ಮಿಲಿಗ್ರಾಂ. ಮೇಲಿನ ಲೆಕ್ಕದಂತೆ ತಯಾರಾದ 20 ಗ್ರಾಂ ತೂಕದ ಒಂದು ಪೇಡಾದಲ್ಲಿ 10 ಮಿಲಿಗ್ರಾಂ ಇರುತ್ತದೆ. 22 ಪೇಡಾ ತಿಂದರೂ ಮಿತಿ ಮೀರದು. ಆದರೆ ಅರ್ಧ ಗ್ರಾಂ ಬದಲು ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಬೆರೆಸಿದಲ್ಲಿ, ಪ್ರತಿ ಪೇಡಾದಲ್ಲಿ 100 ಮಿಲಿಗ್ರಾಂ ಸೇರಿ, ಮೂರನೆಯ ಪೇಡಾಕ್ಕೇ ಮಗುವಿನ ಮಿತಿ ದಾಟುತ್ತದೆ. ಒಂದು ದಿನ ಮಿತಿ ಮೀರಿದ ಮಾತ್ರಕ್ಕೆ ವಿಷಬಾಧೆಯಾಗುತ್ತದೆಂದು ಅರ್ಥವಲ್ಲ. ಆದರೆ ಅಂತಹ ಪೇಡಾ ಕಾನೂನಿನ ಮಿತಿಯನ್ನೂ ಮೀರಿರುತ್ತದೆ.

ಆದ್ದರಿಂದ ಅಡುಗೆಮನೆಯ ಸಾಮಾನ್ಯ ತಕ್ಕಡಿ ಈ ಕೆಲಸಕ್ಕೆ ಸಾಲದು. ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಮೊದಲು ಸ್ವಲ್ಪ ನೀರು ಅಥವಾ ಹಾಲಿನಲ್ಲಿ ಕರಗಿಸಿ, ಬಳಿಕ ಖೋವಾಕ್ಕೆ ಸಮನಾಗಿ ಬೆರೆಸತಕ್ಕದ್ದು. ಒಂದೇ ತಟ್ಟೆಯ ಪೇಡಾಗಳಲ್ಲಿ ಕೆಲವು ಅತಿ ಸಿಹಿ, ಕೆಲವು ಸಪ್ಪೆಯಾಗಿದ್ದರೆ ಮಿಶ್ರಣ ಸರಿಯಾಗಿಲ್ಲವೆಂದು ತಿಳಿಯಬೇಕು. ಊಟದ ಮೇಜಿಗಾಗಿ ಮಾರುವ ಸಿಹಿಕಾರಕದ ಪುಡಿಯಲ್ಲಿ ಇತರ ಪದಾರ್ಥಗಳೂ ಬೆರೆತಿರುವುದರಿಂದ ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ.

ನೈಸರ್ಗಿಕ ಸಿಹಿ

ಬೆಲ್ಲ ಮತ್ತು ಜೇನುತುಪ್ಪ ನೈಸರ್ಗಿಕವಾದರೂ ಅವುಗಳ ಸಿಹಿ ಸಕ್ಕರೆಗಳದ್ದೇ; ಮಧುಮೇಹಿಗಳಿಗೆ ಅವು ಪರ್ಯಾಯವಲ್ಲ. ಸ್ಟೀವಿಯಾ ಎಲೆಯಿಂದ ಶುದ್ಧೀಕರಿಸಿ ಪಡೆದ ಸ್ಟೀವಿಯಾಲ್ ಗ್ಲೈಕೋಸೈಡ್ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಸಸ್ಯಮೂಲದ್ದೆಂಬ ಕಾರಣಕ್ಕೆ ಇದಕ್ಕೆ ವಿನಾಯಿತಿ ಇಲ್ಲ. ಸ್ಟೀವಿಯಾಲ್ ಲೆಕ್ಕದಲ್ಲಿ ದೇಹತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ ಮಿತಿಯಿದೆ. ಈ ಮಿತಿಯು ಶುದ್ಧೀಕರಿಸಿದ ಪದಾರ್ಥಕ್ಕೆ ಸಂಬಂಧಿಸಿದ್ದು, ಒಣ ಎಲೆಯ ಪುಡಿಗಲ್ಲ.

ಲೇಬಲ್ ಮತ್ತು ಘೋಷಣೆ

ಸಿಹಿಕಾರಕದ ಹೆಸರನ್ನೂ, ಮಕ್ಕಳಿಗೆ ಶಿಫಾರಸು ಮಾಡಲಾಗಿಲ್ಲ ಎಂಬ ಸೂಚನೆಯನ್ನೂ ಲೇಬಲ್ ಮೇಲೆ ಮುದ್ರಿಸತಕ್ಕದ್ದು. ಆಸ್ಪರ್ಟೇಮ್ ಬಳಸಿದಲ್ಲಿ, ಫಿನೈಲ್‌ಕೀಟೋನ್ಯೂರಿಯಾ ಎಂಬ ಜನ್ಮಜಾತ ತೊಂದರೆಯುಳ್ಳವರಿಗೆ ಸೂಕ್ತವಲ್ಲವೆಂದೂ ತಿಳಿಸಬೇಕು.

ಅರ್ಜಿದಾರರು ಸಾಮಾನ್ಯವಾಗಿ ಎಡವಬಹುದಾದ ಅಂಶವೆಂದರೆ 'ಶುಗರ್ ಫ್ರೀ' ಎಂಬ ಘೋಷಣೆ. 2018ರ ಜಾಹೀರಾತು ಮತ್ತು ಘೋಷಣೆಗಳ ನಿಯಮಾವಳಿಯಂತೆ, 100 ಗ್ರಾಂ ತಿನಿಸಿನಲ್ಲಿ ಎಲ್ಲ ಬಗೆಯ ಸಕ್ಕರೆಗಳೂ ಸೇರಿ 0.5 ಗ್ರಾಂ ಮೀರದಿದ್ದರೆ ಮಾತ್ರ ಈ ಪದ ಬಳಸಬಹುದು. ಹಾಲಿನಲ್ಲಿ ಸಹಜವಾಗಿರುವ ಲ್ಯಾಕ್ಟೋಸ್ ಸಹ ಒಂದು ಸಕ್ಕರೆ; ಖೋವಾದಲ್ಲಿ ಅದು ಸುಮಾರು ಐದನೇ ಒಂದು ಭಾಗದಷ್ಟಿರುತ್ತದೆ. ಹೀಗಾಗಿ ಸಕ್ಕರೆಯನ್ನು ಪೂರ್ಣವಾಗಿ ಬಿಟ್ಟರೂ ಖೋವಾದ ಪೇಡಾ 'ಶುಗರ್ ಫ್ರೀ' ಆಗಲಾರದು. ಇದನ್ನು ನಂಬಿ ಲೆಕ್ಕವಿಲ್ಲದೆ ಸೇವಿಸುವ ಮಧುಮೇಹಿಯ ರಕ್ತದ ಸಕ್ಕರೆ ಏರಬಹುದು. 'ಸಕ್ಕರೆ ಸೇರಿಸಿಲ್ಲ' ಎಂಬ ಘೋಷಣೆಗೆ ಪ್ರತ್ಯೇಕ ಷರತ್ತುಗಳಿದ್ದು, ಅವುಗಳನ್ನು ಪೂರೈಸಿದಲ್ಲಿ ಮಾತ್ರ ಅದನ್ನು ಬಳಸಬಹುದು.

ಅರ್ಜಿಯನ್ನು foscos.fssai.gov.in ತಾಣದಲ್ಲಿ ಸಲ್ಲಿಸಬಹುದಾಗಿದೆ.