ಎಕರೆ ಮತ್ತು ಗುಂಟೆಯ ನಡುವಿನ ಒಂದು ಚುಕ್ಕೆ

ಪಹಣಿಯಲ್ಲಿ ‘2.15’ ಎಂದಿದ್ದರೆ ಮಂಡ್ಯದ ರೈತರಿಗೆ ಅನುಮಾನವೇ ಬರುವುದಿಲ್ಲ. ಅದು ಎರಡು ಎಕರೆ ಹದಿನೈದು ಗುಂಟೆ. ಅದೇ ಅಂಕಿ ಬೆಂಗಳೂರಿನ ಕಚೇರಿಯೊಂದರಲ್ಲಿ ಕ್ಯಾಲ್ಕುಲೇಟರಿಗೆ ಹೋದರೆ ಎರಡು ಪೂರ್ಣಾಂಕ ಒಂದು ಐದು ಎಕರೆಯಾಗುತ್ತದೆ. ಎಕರೆಗೆ 40 ಗುಂಟೆ ಇರುವುದರಿಂದ 0.15 ಎಕರೆ ಎಂದರೆ ಬರೀ 6 ಗುಂಟೆ. ಹೀಗೆ ಕಾಗದದ ಮೇಲೆಯೇ 9 ಗುಂಟೆ, ಅಂದರೆ 9,801 ಚದರಡಿ ಕರಗಿಹೋಗುತ್ತದೆ. ಮೂವತ್ತು–ನಲವತ್ತರ ಎಂಟು ಸೈಟುಗಳಿಗೂ ಮಿಕ್ಕುವಷ್ಟು ಜಾಗ ಅದು.

ಪಹಣಿಯ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡುವ ಗೆರೆ ಮಾತ್ರ. ಕರಾವಳಿಗೆ ಹೋದರೆ ಮಾತು ಬೇರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಲೆಕ್ಕ ಸೆಂಟ್ಸಿನದು, ಎಕರೆಗೆ 100 ಸೆಂಟ್ಸ್. ಅಲ್ಲಿ 0.15 ಎಂದರೆ 15 ಸೆಂಟ್ಸ್, 6,534 ಚದರಡಿ. ಮಂಡ್ಯದ ಪಹಣಿಯಲ್ಲಾದರೆ ಅದೇ 15 ಗುಂಟೆ, 16,335 ಚದರಡಿ. ಊರು ಗೊತ್ತಿಲ್ಲದೆ ಅಂಕಿಯನ್ನು ಓದುವ ಹಾಗಿಲ್ಲ.

ಕಂಪ್ಯೂಟರ್ ಬಂದ ಮೇಲೆ ಈ ಚುಕ್ಕೆಯ ತಂಟೆ ಹೆಚ್ಚಾಗಿದೆ. ಎಕ್ಸೆಲ್‌ನಲ್ಲಿ 2.30 ಎಂದು ಟೈಪ್ ಮಾಡಿದರೆ ಸಾಮಾನ್ಯವಾಗಿ ಅದು ಸೊನ್ನೆಯನ್ನು ನುಂಗಿ 2.3 ಎಂದು ತೋರಿಸುತ್ತದೆ. ಮುಂದಿನವರು ಅದನ್ನು ಎರಡು ಎಕರೆ ಮೂರು ಗುಂಟೆ ಎಂದು ಓದಿದರೆ 27 ಗುಂಟೆ ಹೋಯಿತು. ಕೂಡುವಾಗಲೂ ಇದೇ ಪಾಡು. 1.25ಕ್ಕೆ 1.25 ಸೇರಿಸಿದರೆ ಯಂತ್ರ 2.50 ಅನ್ನುತ್ತದೆ. ಸರಿಯಾದ ಉತ್ತರ 3 ಎಕರೆ 10 ಗುಂಟೆ. ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಕಾಲಂ ಇಟ್ಟುಕೊಂಡರೆ ಈ ಗೋಜಲೇ ಇರುವುದಿಲ್ಲ. ಪತ್ರದಲ್ಲಂತೂ ಚುಕ್ಕೆಯನ್ನೇ ಬಿಟ್ಟು ‘2 ಎಕರೆ 15 ಗುಂಟೆ’ ಎಂದು ಬಿಡಿಸಿ ಬರೆಯುವುದು ಕ್ಷೇಮ.

ಚದರಡಿಗೆ ತರುವಾಗ ನೆನಪಿಡಬೇಕಾದ ಮೂಲ ಅಳತೆ ಒಂದೇ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರಡಿ. ಅಂಥ 40 ಸೇರಿದರೆ ಎಕರೆ, 43,560 ಚದರಡಿ. ಗುಂಟೆಯ ಹದಿನಾರನೇ ಒಂದು ಪಾಲು ಆಣೆ, 68.0625 ಚದರಡಿ. ಬಾಯಿಲೆಕ್ಕದಲ್ಲಿ ‘ಗುಂಟೆಗೆ ಸಾವಿರ ಅಡಿ’ ಎನ್ನುವವರಿದ್ದಾರೆ. ಮಾತಿಗೆ ಅದು ನಡೆದೀತು, ಆದರೆ ಎಕರೆಯೊಂದಕ್ಕೆ 3,560 ಚದರಡಿ ಖೋತಾ.

ಒಂದು ಜಮೀನು 2 ಎಕರೆ 15 ಗುಂಟೆ 8 ಆಣೆ ಇದೆ ಎಂದುಕೊಳ್ಳೋಣ. ಮೂವರು ಅಣ್ಣತಮ್ಮಂದಿರು ಸಮಪಾಲು ಮಾಡಿಕೊಳ್ಳಬೇಕು. ಎಕರೆಯಿಂದ 87,120, ಗುಂಟೆಯಿಂದ 16,335, ಆಣೆಯಿಂದ 544.5, ಒಟ್ಟು 1,03,999.5 ಚದರಡಿ. ಮೂರರಿಂದ ಭಾಗಿಸಿದರೆ ತಲೆಗೆ 34,666.5. ಇಲ್ಲಿಯವರೆಗೆ ಎಲ್ಲ ಸಲೀಸು. ತೊಡಕು ಬರುವುದು ಮತ್ತೆ ಗುಂಟೆಗೆ ಮರಳಿಸುವಾಗ. 1,089ರಿಂದ ಭಾಗಿಸಿದರೆ 31 ಗುಂಟೆ ಬಂದು 907.5 ಚದರಡಿ ಉಳಿಯುತ್ತದೆ. ಅದನ್ನು 68.0625ರಿಂದ ಭಾಗಿಸಿದರೆ 13 ಆಣೆ, ಮೇಲೆ ಮೂರನೇ ಒಂದು ಆಣೆ.

ಚಿಲ್ಲರೆ ಏಕೆಂದು ಮೂವರಿಗೂ 31 ಗುಂಟೆ 13 ಆಣೆ ಬರೆದರೆ ಮೊತ್ತ 2 ಎಕರೆ 15 ಗುಂಟೆ 7 ಆಣೆ. ಒಂದು ಆಣೆ ಯಾರದೂ ಅಲ್ಲದ ಜಾಗವಾಗಿ ಉಳಿಯುತ್ತದೆ. ಧಾರಾಳವಾಗಿ 14 ಆಣೆ ಬರೆದರೆ ಜಮೀನಿಗಿಂತ ಎರಡು ಆಣೆ ಹೆಚ್ಚು ಹಂಚಿದಂತೆ. ಇಬ್ಬರಿಗೆ 13, ಒಬ್ಬರಿಗೆ 14 ಆಣೆ ಬರೆದರೆ ಲೆಕ್ಕ ಕೂಡುತ್ತದೆ. ಆ ಒಬ್ಬರು ಯಾರು ಎಂಬುದನ್ನು ಮನೆಯವರು ಮೊದಲೇ ಮಾತಾಡಿಕೊಂಡು ಪತ್ರದಲ್ಲಿ ಬರೆಸಬೇಕು. ಅರವತ್ತೆಂಟು ಅಡಿ ಏನು ಮಹಾ ಎನ್ನುವವರು ರಸ್ತೆ ಬದಿಯ ಜಮೀನಿನ ಬೆಲೆ ಒಮ್ಮೆ ವಿಚಾರಿಸಲಿ.

ಮೀಟರ್ ಲೆಕ್ಕದಲ್ಲೂ ಎಚ್ಚರ ಬೇಕು. ಒಂದು ಎಕರೆಗೆ 4,046.86 ಚದರ ಮೀಟರ್. ಅದನ್ನು 10.76ರಿಂದ ಗುಣಿಸಿದರೆ ಸುಮಾರು 16 ಚದರಡಿ ಕಡಿಮೆ ಬರುತ್ತದೆ, 10.7639ರಿಂದ ಗುಣಿಸಿದರೆ ಸರಿಹೋಗುತ್ತದೆ. ನಡುವೆ ಎಲ್ಲೂ ದುಂಡು ಮಾಡದೆ, ಕೊನೆಯ ಉತ್ತರವನ್ನು ಮಾತ್ರ ದುಂಡು ಮಾಡಬೇಕು.

ಗುಣಾಕಾರ ಎಷ್ಟೇ ಸರಿಯಿದ್ದರೂ ಗುಣಿಸಿದ ಅಂಕಿ ಯಾವುದು ಎಂಬುದೂ ಮುಖ್ಯ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು, ಕಳೆದು ಉಳಿದದ್ದು ಬೇರೆ ಬೇರೆಯಾಗಿ ನಮೂದಾಗಿರುತ್ತವೆ. ಹಳ್ಳ, ದಾರಿ ಸೇರಿದ ಒಟ್ಟು ವಿಸ್ತೀರ್ಣವನ್ನು ಚದರಡಿಗೆ ತಂದು ದರ ಕಟ್ಟಿದರೆ, ಮಾರಲಾಗದ ನೆಲಕ್ಕೂ ಕೊಳ್ಳುವವರು ದುಡ್ಡು ಕೊಟ್ಟಂತೆ.

ಕ್ರಯಪತ್ರದ ಷೆಡ್ಯೂಲಿನಲ್ಲಿ ಎಕರೆ-ಗುಂಟೆ-ಆಣೆಯ ಜೊತೆಗೆ ಚದರಡಿಯನ್ನೂ, ಎರಡನ್ನೂ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಸಹಿ ಹಾಕುವ ಮುನ್ನ ಚದರಡಿಯನ್ನು 1,089ರಿಂದ ಭಾಗಿಸಿ ನೋಡಿ, ಗುಂಟೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಆಗಲೇ ತಿದ್ದಿಸಿ. ನೋಂದಣಿಯಾದ ಮೇಲೆ ಅದಕ್ಕೆ ಪ್ರತ್ಯೇಕ ತಿದ್ದುಪಡಿ ಪತ್ರ ಬೇಕು, ಎದುರಿನವರ ಸಹಿಯೂ ಬೇಕು.