ಚುಕ್ಕಿ ನಿಂತರೆ ಅವ್ವ ಏನು ಮಾಡಬೇಕು?

ಭಾನುವಾರ ಸಂಜೆ ಮಂಡ್ಯ, ಮದ್ದೂರು, ಮಳವಳ್ಳಿ ಬಸ್‌ ನಿಲ್ದಾಣಗಳಲ್ಲಿ ಬೆಂಗಳೂರಿನ ಕೆಲಸಕ್ಕೆ ವಾಪಸ್ ಹೊರಟ ಹುಡುಗಿಯರು ಕಾಣ್ತಾರೆ. ಸೀಟು ಸಿಕ್ಕ ಕೂಡಲೇ ಹಲವರು ಮನೆಯವರಿಗೆ ವಾಟ್ಸಾಪ್‌ನಲ್ಲಿ ಲೈವ್‌ ಲೊಕೇಶನ್‌ ಕಳಿಸ್ತಾರೆ. ಬೆಂಗಳೂರಲ್ಲಿ ಒಬ್ಬಳೇ ಇರುವ ನಾನೂ ಕಳಿಸ್ತೀನಿ. ಒಳ್ಳೆಯ ಅಭ್ಯಾಸವೇ. ಆದರೆ ಆ ಚುಕ್ಕಿ ಮಧ್ಯದಲ್ಲಿ ನಿಂತುಹೋದರೆ ಮಳವಳ್ಳಿಯಲ್ಲಿ ಕೂತ ಅವ್ವ ಏನು ಮಾಡಬೇಕು? ಅದನ್ನು ಮೊದಲೇ ಮಾತಾಡಿಕೊಂಡಿರದಿದ್ದರೆ ಚುಕ್ಕಿಯಿಂದ ಗಾಬರಿ ಬಿಟ್ಟು ಬೇರೇನೂ ಸಿಗಲ್ಲ.

ಚುಕ್ಕಿ ನಿಲ್ಲೋಕೆ ಸಾಮಾನ್ಯ ಕಾರಣಗಳು ಹಲವು. ವಾಟ್ಸಾಪ್‌ನಲ್ಲಿ ಆಯ್ಕೆ ಇರೋದು 15 ನಿಮಿಷ, 1 ಗಂಟೆ, 8 ಗಂಟೆ. ಮಳವಳ್ಳಿಯಲ್ಲಿ 1 ಗಂಟೆ ಒತ್ತಿದರೆ ಬೆಂಗಳೂರು ಮುಟ್ಟೋಕೆ ಮೊದಲೇ ಅದು ಮುಗಿದಿರುತ್ತೆ. ಹಾಗಾಗಿ 8 ಗಂಟೆ ಕೊಟ್ಟು, ಮನೆ ಸೇರಿದ ಮೇಲೆ ನಾವೇ ನಿಲ್ಲಿಸಬೇಕು. ಇನ್ನೊಂದು ಕಾರಣ ಬ್ಯಾಟರಿ ಸೇವರ್. ಪರದೆ ಆರಿದ ಮೇಲೆ ಅದು ಹಿನ್ನೆಲೆಯಲ್ಲಿ ಓಡುವ ಆ್ಯಪನ್ನು ಮಲಗಿಸಿಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್‌ನ ಲೊಕೇಶನ್‌ ಅನುಮತಿ Allow all the time ಎಂದಿದೆಯಾ ನೋಡಿ. ಆಮೇಲೆ ಫೋನ್‌ ಲಾಕ್‌ ಮಾಡಿ ಹತ್ತು ನಿಮಿಷ ನಡೆದು, ಆ ಕಡೆ ಚುಕ್ಕಿ ಸರಿಯಿತಾ ಅಂತ ಕೇಳಿ. ಈ ಪರೀಕ್ಷೆಯನ್ನು ಹಗಲು ಹೊತ್ತಲ್ಲೇ ಮುಗಿಸಿಕೊಳ್ಳಿ.

ಇನ್ನು ಮೆಟ್ರೋ. ಸ್ಯಾಟಲೈಟ್‌ ಬಸ್‌ ನಿಲ್ದಾಣದಲ್ಲಿ ಇಳಿದು ದೀಪಾಂಜಲಿ ನಗರದಲ್ಲಿ ನೇರಳೆ ಮಾರ್ಗದ ರೈಲು ಹತ್ತಿದರೆ, ಮಾಗಡಿ ರಸ್ತೆ ದಾಟಿದ ಮೇಲೆ ಅದು ನೆಲದಡಿ ಇಳಿದು ಕಬ್ಬನ್‌ ಪಾರ್ಕ್‌ ಆದ ಮೇಲೆ ಮೇಲೆ ಬರುತ್ತೆ. ನೆಲದಡಿ ಜಿಪಿಎಸ್‌ ಸಿಗಲ್ಲ. ಮೆಜೆಸ್ಟಿಕ್‌ ಹತ್ತಿರ ಚುಕ್ಕಿ ನಿಂತರೆ ಕಾರಣ ಬಹುತೇಕ ಇದೇ. "ಯಾಕವ್ವ, ಮೆಜೆಸ್ಟಿಕ್‌ನಲ್ಲೇ ನಿಂತ್ಕೊಂಡಿದ್ದೀಯ?" ಅಂತ ಅವ್ವ ಕೇಳಿದ ಮೇಲೆ ಇದನ್ನೂ ಹೇಳಿಕೊಟ್ಟೆ.

ಫೋನ್‌ ಸತ್ತಿದೆಯೋ, ಬರೀ ಸಿಗ್ನಲ್‌ ಹೋಗಿದೆಯೋ ಅನ್ನೋದು ವಾಟ್ಸಾಪ್‌ನಲ್ಲಿ ಗೊತ್ತಾಗಲ್ಲ. ಮನೆಯವರ ಹತ್ತಿರ ಗೂಗಲ್‌ ಖಾತೆ ಇದ್ದರೆ ಗೂಗಲ್‌ ಮ್ಯಾಪ್ಸ್‌ನ ಲೊಕೇಶನ್‌ ಹಂಚಿಕೆ ಉತ್ತಮ. ಅದರಲ್ಲಿ ನಿಮ್ಮ ಬ್ಯಾಟರಿ ಎಷ್ಟಿದೆ ಅಂತಲೂ ಕಾಣುತ್ತೆ. ಶೇ. 3ರಲ್ಲಿ ನಿಂತ ಚುಕ್ಕಿಗೂ ಶೇ. 60ರಲ್ಲಿ ನಿಂತ ಚುಕ್ಕಿಗೂ ಅರ್ಥ ಬೇರೆ.

ಈಗ ನಮ್ಮನೆಯ ಒಪ್ಪಂದ ಹೇಳ್ತೀನಿ. ಬೈಯಪ್ಪನಹಳ್ಳಿಯಲ್ಲಿ ಇಳಿದು ರೂಮಿಗೆ ಹತ್ತು ನಿಮಿಷದ ನಡಿಗೆ. ರೈಲು ಇಳಿದಾಗ ಒಂದು ಮೆಸೇಜು, ಬಾಗಿಲು ಹಾಕಿಕೊಂಡ ಮೇಲೆ ಇನ್ನೊಂದು. ಎರಡರ ನಡುವೆ ಇಪ್ಪತ್ತು ನಿಮಿಷ ದಾಟಿದರೆ ಅವ್ವ ಫೋನ್‌ ಮಾಡ್ತಾರೆ. ಎತ್ತದಿದ್ದರೆ ಕೆಳಗಿನ ಮನೆಯ ಓನರ್‌ ಆಂಟಿಗೆ, ಅವರೂ ಸಿಗದಿದ್ದರೆ ಹತ್ತಿರದಲ್ಲೇ ಇರುವ ನನ್ನ ಸಹೋದ್ಯೋಗಿಗೆ. ಅವರಿಂದಲೂ ಸುದ್ದಿ ಸಿಗದಿದ್ದರೆ 112. ಮಾತಾಡ್ತಾ ಇರುವಾಗಲೇ ಕೂಗಾಟ ಕೇಳಿ ಕರೆ ಕಟ್ಟಾದರೆ ಈ ಯಾವ ಮೆಟ್ಟಿಲೂ ಬೇಡ, ನೇರ 112.

ಇಲ್ಲೇ ಎಲ್ಲರೂ ತಿಳಿದಿರಬೇಕಾದ ಒಂದು ಮಾತಿದೆ. 2017ರಿಂದ ಮಾರಾಟವಾಗುವ ಫೋನ್‌ಗಳಲ್ಲಿ ಪ್ಯಾನಿಕ್‌ ಬಟನ್‌ ಇರಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂತು. ಕೀಪ್ಯಾಡ್‌ ಫೋನಾದರೆ 5 ಅಥವಾ 9 ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಿಗೆ ಪವರ್‌ ಬಟನ್‌ ಮೂರು ಸಲ ಅಂತಿತ್ತು. ಈಗಿನ ಹಲವು ಆಂಡ್ರಾಯ್ಡ್‌ಗಳಲ್ಲಿ ಐದು ಸಲ ಒತ್ತಬೇಕು, ನಿಮ್ಮದು ಹೇಗೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಆದರೆ ಅಪಾಯದಲ್ಲಿರುವವಳು ಒತ್ತಿದಾಗಲೇ ಅದರಿಂದ ಉಪಯೋಗ. ಮಳವಳ್ಳಿಯಿಂದ ಅವ್ವ ಒತ್ತಿದರೆ ಸಿಗೋದು ಅವ್ವನ ಜಾಗ, ನನ್ನದಲ್ಲ. ಆದ್ದರಿಂದ ಅವ್ವ 112ಕ್ಕೆ ಕರೆ ಮಾಡಿ ಮೊದಲ ವಾಕ್ಯದಲ್ಲೇ ಊರು ಹೇಳಬೇಕು: "ನಾನು ಮಳವಳ್ಳಿಯಿಂದ ಮಾತಾಡ್ತಿದ್ದೀನಿ, ನನ್ನ ಮಗಳು ಬೆಂಗಳೂರು ಬೈಯಪ್ಪನಹಳ್ಳಿಲಿ ಇದ್ದಾಳೆ, ಒಂಬತ್ತೂವರೆಯಿಂದ ಫೋನ್‌ ಎತ್ತುತ್ತಿಲ್ಲ."

ಅದಕ್ಕೇ ಅಡುಗೆಮನೆಯ ಕ್ಯಾಲೆಂಡರ್‌ ಪಕ್ಕ ಒಂದು ಚೀಟಿ ಅಂಟಿಸಿದ್ದೀವಿ. ಮನೆ ನಂಬರು, ಕ್ರಾಸು, ಮೇನು, ಹತ್ತಿರದ ಗುರುತು, ಓನರ್‌ ಆಂಟಿ ಮತ್ತು ಸಹೋದ್ಯೋಗಿಯ ನಂಬರು, ನನ್ನ ಏರಿಯಾ ಪೊಲೀಸ್‌ ಠಾಣೆಯ ಹೆಸರು, ಎಲ್ಲ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಬೆಂಗಳೂರಿನ ಕ್ರಾಸು–ಮೇನು ಲೆಕ್ಕ ಗಾಬರಿಯಲ್ಲಿ ಯಾರಿಗೂ ನೆನಪಿರಲ್ಲ.

ಕಾಣೆಯಾದ ದೂರು ಕೊಡೋಕೆ 24 ಗಂಟೆ ಕಾಯಬೇಕು ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಅಂಥ ನಿಯಮ ಇಲ್ಲ. ಅಪರಾಧ ನಡೆದಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ ಅದನ್ನೇ ಹೇಳುತ್ತೆ. ಘಟನೆ ಬೆಂಗಳೂರಲ್ಲಿ ನಡೆದಿದ್ದರೂ ಅವ್ವ ಮಳವಳ್ಳಿ ಠಾಣೆಗೇ ಹೋಗಬಹುದು.

ರೂಮು ಬದಲಾಯಿಸಿದ ದಿನವೇ ಚೀಟಿಯನ್ನೂ ಬದಲಾಯಿಸಿ. ಹಳೇ ವಿಳಾಸ ಇರುವ ಚೀಟಿ ಪೊಲೀಸರನ್ನು ಬೇರೆಯವರ ಬಾಗಿಲಿಗೆ ಕಳಿಸುತ್ತೆ.